ಅವ್ವ ಮರೆಯಾದ ನಾಲ್ಕು ಬಗೆ

ಅವ್ವನ ಹನ್ನೊಂದನೆಯ ದಿನದ ತಿಥಿಗೆ ಒಂದು ದಿನ ಮುಂಚೆ, ಹಾಸನೂರಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತು ನಾನು ಫೋನು ನೋಡುತ್ತಿದ್ದೆ. ಮಕ್ಕಳ ಬಟ್ಟೆ ತೆಗೆದುಕೊಂಡು ಹೋಗಲು ಪಣಕಹಳ್ಳಿಯ ತವರಿನಿಂದ ಹಿಂದಿನ ಸಂಜೆ ಬಂದಿದ್ದೆ. ತಾಳವಾಡಿಯ ಸ್ಟುಡಿಯೋದವರು ಮಧ್ಯಾಹ್ನದೊಳಗೆ ಒಂದು ಒಳ್ಳೆಯ ಫೋಟೋ ಕಳಿಸಿದರೆ ಸಂಜೆಗೆ ಕಟ್ಟು ಹಾಕಿಸಿ ಕೊಡುತ್ತೇವೆ ಎಂದಿದ್ದರು. ತವರುಮನೆಯ ಗೋಡೆಯಲ್ಲಿದ್ದ ಫೋಟೋದಲ್ಲಿ ಅಪ್ಪನೂ ಇದ್ದ. ಬದುಕಿರುವವರ ಫೋಟೋಗೆ ಹಾರ ಹಾಕುವಂತಿಲ್ಲವಲ್ಲ, ಅವ್ವ ಒಬ್ಬಳೇ ಇರುವಂಥದ್ದು ಬೇಕಾಗಿತ್ತು.

ಫೋಟೋಗಳೆಲ್ಲ ಒಂದು ಹೊಸ ಆ್ಯಪಿನಲ್ಲಿದ್ದವು. ಹಿಂದಿನ ತಿಂಗಳಷ್ಟೇ ಅದನ್ನು ನನ್ನ ಫೋನಿಗೂ ಅಪ್ಪನ ಫೋನಿಗೂ ಹಾಕಿದ್ದೆ. ಅಪ್ಪನಿಗೆ ಬೇರೆ ಖಾತೆ ಇಲ್ಲದ್ದರಿಂದ ಎರಡಕ್ಕೂ ನನ್ನದೇ ಖಾತೆ ಕೊಟ್ಟೆ. ಅಪ್ಪ ಹೊಲದಲ್ಲಿ ತೆಗೆದದ್ದು ನನಗೆ ಬರುತ್ತಿತ್ತು, ನಾನು ತೆಗೆದದ್ದು ಅಲ್ಲಿ ಕಾಣುತ್ತಿತ್ತು. ಅವ್ವನಿಗೆಂದು ಒಂದು ಆಲ್ಬಮ್ ಮಾಡಿದ್ದೆ, ಹೊಲಕ್ಕೆಂದು ಇನ್ನೊಂದು.

ಅವ್ವನ ಆಲ್ಬಮ್ ತೆರೆದೆ. ಅದರಲ್ಲಿ ಏನೂ ಇರಲಿಲ್ಲ.

ನೆಟ್ವರ್ಕ್ ಸರಿಯಿಲ್ಲವೇನೋ ಅಂದುಕೊಂಡು ಹಿಂದಕ್ಕೆ ಬಂದೆ. ಈ ಆ್ಯಪು ಮುಖಗಳನ್ನು ತಾನೇ ಗುರುತು ಹಿಡಿದು, ಒಬ್ಬೊಬ್ಬರಿಗೂ ಒಂದು ದುಂಡನೆಯ ಚಿತ್ರ ಮಾಡಿ ಸಾಲಾಗಿ ಇಡುತ್ತದೆ. ಆ ಸಾಲಿನಲ್ಲಿ ಅಪ್ಪ ಇದ್ದ, ನನ್ನ ಮಕ್ಕಳಿದ್ದರು, ಅವ್ವ ಇರಲಿಲ್ಲ. ಮೊದಲ ಪುಟಕ್ಕೆ ಬಂದೆ. ದೀಪಾವಳಿಯಲ್ಲಿ ನಮ್ಮ ಜಗುಲಿಯ ಮೇಲೆ ಕೂತಿದ್ದ ಅವ್ವನ ಫೋಟೋ ನನ್ನ ಕಣ್ಣ ಮುಂದೆಯೇ ಇತ್ತು. ನೋಡುತ್ತಿದ್ದಂತೆ ಅದು ಇಲ್ಲವಾಯಿತು. ಅದರ ಪಕ್ಕದ್ದು ಅದರ ಜಾಗಕ್ಕೆ ಸರಿಯಿತು. ಆಮೇಲೆ ಇನ್ನೊಂದು ಹೋಯಿತು.

ಅವು ಹೋಗುವಾಗ ನಾನು ಪರದೆಯನ್ನು ಮುಟ್ಟಿರಲೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರೆ ಬಿಡಿಸುತ್ತಿದ್ದವಳು ಸಾಲಿನ ನಡುವೆ ಕುಸಿದು, ನೀರು ತರುವಷ್ಟರಲ್ಲಿ ಹೋಗಿದ್ದಳು ಅವ್ವ. ಆ ಸುದ್ದಿ ಕೇಳಿದಾಗಲೂ ಹೀಗೆಯೇ ಕೂತಿದ್ದೆ.

ಹೆದ್ದಾರಿಯ ಪಕ್ಕದ ನಮ್ಮ ಹೋಟೆಲಿನಿಂದ ನನ್ನ ಗಂಡ ಬಂದು ನೋಡಿದರು.

"ಯಾರೋ ಒಳಕ್ ನುಗ್ಗವ್ರೆ ಕಣೆ ಫೋನ್ಗೆ. ಬ್ಯಾಂಕ್ದೇನಾದ್ರೂ ಅದ್ಯಾ ಅದ್ರಲ್ಲಿ?"

"ಕಳ್ರಿಗೆ ನಮ್ಮವ್ವನ್ ಫೋಟ ಯಾಕ್ರೀ?"

ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ಅವ್ವನ್ ಫೋಟಗಳೆಲ್ಲ ಒಂಟೋಯ್ತಾ ಅವೆ ಕಣಪ್ಪ, ನಂದ್ರಲ್ಲಿ."

"ನಿಂದ್ರಲ್ಯಾಕ್ ಓದವು ಮಗ? ನಾನು ನನ್ ಫೋನಲ್ ತಾನೆ ತಗೀತಾ ಇರದು," ಅಂದ ಅಪ್ಪ.

"ನೀನ್ ತಗೀತಿದ್ದೀಯಾ?"

"ನಿಮ್ಮತ್ತೆ ಯೋಳಿದ್ಲು. ತಿಥಿ ಆಗಗಂಟ ಮೊಕ ಕಾಣ್ಬಾರ್ದಲ್ವಾ."

ಏನನ್ನೂ ಒತ್ತಬೇಡ ಎಂದು ಹೇಳಲು ಬಾಯಿ ತೆರೆದೆ, ಲೈನು ಕಟ್ಟಾಯಿತು. ಮತ್ತೆ ಸಿಗಲಿಲ್ಲ. ಮಕ್ಕಳನ್ನು ಗಂಡನಿಗೆ ಒಪ್ಪಿಸಿ, ಬಂದ ಬಸ್ಸು ಹತ್ತಿದೆ.

ನಮ್ಮ ತವರಿನಲ್ಲಿ ಆ ಪದ್ಧತಿ ಇದೆ. ಸತ್ತವರ ಫೋಟೋ ಗೋಡೆಯಲ್ಲಿದ್ದರೆ ಅಂದೇ ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಾರೆ. ತಿಥಿಯ ದಿನ ಒರೆಸಿ, ಹಾರ ಹಾಕಿ, ಎಡೆಯ ಮುಂದೆ ಇಡುವವರೆಗೂ ಆ ಮುಖವನ್ನು ಯಾರೂ ನೋಡುವಂತಿಲ್ಲ. ಅಪ್ಪನ ಅಕ್ಕ, ನನ್ನ ಅತ್ತೆ, ಅದನ್ನು ನಡೆಸಿಕೊಂಡು ಬರುವವಳು. ಅಪ್ಪ ಜಗುಲಿಯಲ್ಲಿ ಕೂತು ಫೋನಿನಲ್ಲಿ ಅವ್ವನನ್ನು ನೋಡುವುದನ್ನು ಅವಳು ಕಂಡಿರಬೇಕು. ಗೋಡೆಯದನ್ನು ತಿರುಗಿಸಿದ ಮೇಲೆ ಫೋನಿನದನ್ನೂ ತಿರುಗಿಸಬೇಕಲ್ಲ.

ಕಾಡು ದಾಟುವವರೆಗೆ ಸಿಗ್ನಲ್ ಇರುವುದಿಲ್ಲ. ಹೊಲದ ಆಲ್ಬಮ್ಮಿನಲ್ಲಿದ್ದ ಒಂದು ವಿಡಿಯೋ ಬಿಟ್ಟು ಬೇರೆ ಯಾವುದೂ ನನ್ನ ತಲೆಯಲ್ಲಿ ಇರಲಿಲ್ಲ. ಅಪ್ಪ ತೆಗೆದದ್ದು. ಅವ್ವ ಅವರೆ ಸಾಲಿನಲ್ಲಿ ಬಗ್ಗಿದ್ದವಳು ತಲೆ ಎತ್ತಿ ಅಪ್ಪನಿಗೆ ಬೈಯುತ್ತಾಳೆ, ಅಷ್ಟೇ. ಅವ್ವನ ದನಿ ಇದ್ದದ್ದು ಅದೊಂದರಲ್ಲೇ.

ತವರುಮನೆ ತಲುಪಿದಾಗ ಅತ್ತೆ ನಡುಮನೆ ಸಾರಿಸುತ್ತಿದ್ದಳು. ಅವ್ವನ ಸೀರೆ, ಚಾಪೆಗಳನ್ನೆಲ್ಲ ಕೊಟ್ಟು ಕಳಿಸಿಯಾಗಿತ್ತು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ, ಫೋನು ಮಡಿಲಲ್ಲಿತ್ತು.

"ಬಂದ್ಯಾ ಅಮ್ಮಿ? ಮಕ್ಕಳೆಲ್ಲಿ?" ಅಂದಳು ಅತ್ತೆ.

"ಇರು ಅತ್ತೆ. ಅಪ್ಪ, ಮೊದ್ಲಿಂದ ಏನೇನ್ ಒತ್ತಿದೆ ಯೋಳು."

ಅಪ್ಪ ಹೇಳಿದ. ತೋಟಕ್ಕೆ ನೀರು ಹಾಯಿಸಿದ್ದನ್ನು ಹೇಳುವಂತೆ ಸಾವಕಾಶವಾಗಿ ಹೇಳಿದ. ಮೊದಲು ಅವ್ವನ ಆಲ್ಬಮ್ಮಿಗೆ ಹೋಗಿ, ಒಂದು ಫೋಟೋವನ್ನು ಒತ್ತಿ ಹಿಡಿದು, ಉಳಿದವನ್ನೂ ಮುಟ್ಟಿ ಆರಿಸಿ, ಮೇಲಿನ ಮೂರು ಚುಕ್ಕಿ ಮುಟ್ಟಿದ್ದ. "ಆಲ್ಬಮ್‌ನಿಂದ ತೆಗೆದುಹಾಕಿ" ಎಂದು ಬಂತು, ಒತ್ತಿದ. ಆಲ್ಬಮ್ ಖಾಲಿಯಾಯಿತು. ಆದರೆ ಮೊದಲ ಪುಟಕ್ಕೆ ಬಂದು ನೋಡಿದರೆ ಅವ್ವ ಅಲ್ಲೇ ಇದ್ದಳು.

ಆಮೇಲೆ ಮುಖಗಳ ಸಾಲಿಗೆ ಹೋದ. ಅಲ್ಲಿಯೂ ಮೂರು ಚುಕ್ಕಿ, ಅದರೊಳಗೆ "ಮುಖಗಳನ್ನು ಮರೆಮಾಡಿ". ಅವ್ವನ ಮುಖ ಮುಟ್ಟಿ ಮರೆಮಾಡಿದ. ದುಂಡನೆಯ ಚಿತ್ರ ಹೋಯಿತು, ಫೋಟೋಗಳು ಹೋಗಲಿಲ್ಲ.

"ಅದಕ್ಕೆ ಒಂದೊಂದಾಗಿ ಇಡ್ದು, ಕೆಳಗ್ಡೆ ಇರೋ ಸಾಲ ಸರ್ಸಿ, ಆರ್ಕೈವು ಅಂತ ಇತ್ತಲ್ಲ, ಅದ ಒತ್ತಿದೆ. ಪಟ್ನೆ ಒಂಟೋದ್ಲು. ಸರಿ, ಆಯ್ತು ಅಂದ್ಕಂಡೆ. ಒಲದ್ ಆಲ್ಬಮ್ ತಗದ್ರೆ ಅಲ್ಲಿ ಅವರೆ ಬುಡ್ಸ್ತಾ ಅವ್ಳೆ ಕಣವ್ವ."

ಆರ್ಕೈವ್ ಮಾಡಿದ್ದು ಮೊದಲ ಪುಟದಿಂದ ಮಾತ್ರ ಸರಿಯುತ್ತದೆ, ಇದ್ದ ಆಲ್ಬಮ್ಮಿನಲ್ಲಿ ಹಾಗೆಯೇ ಉಳಿಯುತ್ತದೆ. ನನಗೂ ಅದು ಗೊತ್ತಾದದ್ದು ಆಗಲೇ.

"ಅದಕ್ಕೆ?"

"ಅದಕ್ಕೆ ಒಲದಲ್ಲಿ ಅವ್ಳ್ ಇದ್ದವ್ನ ಮಾತ್ರ ಅಳಿಸ್ದೆ. ಬುಟ್ಟಿ ಗುರ್ತು ಇತ್ತಲ್ಲ, ಅದ್ರಲ್ಲಿ."

ಫೋನು ಕಿತ್ತುಕೊಂಡೆ. ಸಂಗ್ರಹಗಳ ಪುಟದ ಕೆಳಗೆ ಆರ್ಕೈವ್ ಇತ್ತು. ತೆರೆದರೆ ದೀಪಾವಳಿಯಲ್ಲಿ ಜಗುಲಿಯ ಮೇಲೆ ಕೂತ ಅವ್ವ, ಮಕ್ಕಳನ್ನು ಎತ್ತಿಕೊಂಡ ಅವ್ವ, ಎಲ್ಲರೂ ಅಲ್ಲಿ ಕೂತಿದ್ದರು. ಎಲ್ಲವನ್ನೂ ಆರಿಸಿ "ಆರ್ಕೈವ್‌ನಿಂದ ತೆಗೆಯಿರಿ" ಒತ್ತಿದೆ, ಮೊದಲ ಪುಟಕ್ಕೆ ಮರಳಿದವು. ಮುಖಗಳ ಪುಟದಲ್ಲಿ ಮರೆಮಾಡಿದ್ದನ್ನು ಮತ್ತೆ ತೋರಿಸಿದೆ, ಅವ್ವ ಸಾಲಿಗೆ ಬಂದಳು. ಖಾಲಿಯಾದ ಆಲ್ಬಮ್ಮಿಗೆ ಮತ್ತೆ ಸೇರಿಸಿದರಾಯಿತು. ಅಳಿಸಿದ್ದೂ ಆ ಬುಟ್ಟಿಯಲ್ಲಿ ಕೆಲವು ದಿನ ಇರುತ್ತದೆ, ಅದರೊಳಗೆ ಹೋಗಿ ವಾಪಸು ತರಬಹುದು ಎಂದು ಅಲ್ಲೇ ಬರೆದಿತ್ತು.

ಬುಟ್ಟಿ ತೆರೆದೆ. ಖಾಲಿ ಇತ್ತು.

"ಅಪ್ಪ, ಇದ್ರೊಳ್ಗೆ ಇದ್ದವು?"

"ಅದ ಖಾಲಿ ಮಾಡ್ದೆ."

"ಯಾಕಪ್ಪ?"

ಅಪ್ಪ ನನ್ನನ್ನು ನೋಡಲಿಲ್ಲ. "ಕಸದ್ ಬುಟ್ಟೀಲಿ ಮಡಗದಾ ಅವ್ಳ? ಮೊಕವೆಲ್ಲ ಅದ್ರೊಳ್ಗೆ ಸಣ್ಸಣ್ದಾಗ್ ಕಾಣ್ತಿತ್ತು. ನೋಡಕಾಗ್ನಿಲ್ಲ. ಬುಟ್ಟಿ ಖಾಲಿ ಮಾಡಿ ಅಂತ ಇತ್ತು. ಅಲ್ಲಿಂದ ಈಚ್ಗೆ ಬತ್ತಳೆ ಅಂದ್ಕಂಡೆ."

"ಶಾಶ್ವತವಾಗಿ ಅಂತ ಕೇಳ್ಲಿಲ್ವಾ ಅದು?"

"ಕೇಳ್ತು. ಶಾಶ್ವತವಾಗಿ ಈಚ್ಗೆ ಅಂತ ಒತ್ತ್ದೆ."

ಅತ್ತೆ ಸಾರಣೆ ಬಟ್ಟೆಯನ್ನು ಬಕೇಟಿಗೆ ಹಾಕಿ ಎದ್ದು ಬಂದಳು. "ಅದೇನ್ ಓಯ್ತು ಅಂತ ಇಂಗ್ ಬೆಳ್ಳಗಾಗಿದ್ದೀರಿ ಇಬ್ರೂವೆ? ಫೋಟ ಬಂದ್ವಲ್ಲ."

"ಅವ್ವ ಮಾತಾಡದು ಓಯ್ತು ಅತ್ತೆ."

ಅತ್ತೆ ಬಾಯಿಗೆ ಸೆರಗು ಹಿಡಿದಳು. ಅಪ್ಪ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಹೊಲದ ಆಲ್ಬಮ್ ತೆರೆದ. ಅವರೆ, ಕೋಸು, ಮುರಿದ ಬೇಲಿ, ಮಳೆ ನಿಂತ ಸಾಲು. ಮೇಲಿಂದ ಕೆಳಕ್ಕೆ ಸರಿಸಿ, ಮತ್ತೆ ಮೇಲಕ್ಕೆ ಬಂದ. ಅವನಿಗೆ ಆಗ ಅರ್ಥವಾಯಿತು ಎಂದು ನನಗೆ ಗೊತ್ತಾದದ್ದು ಅವನ ಹೆಬ್ಬೆರಳು ನಿಂತುಬಿಟ್ಟದ್ದರಿಂದ.

ನನ್ನ ಫೋನಿನಲ್ಲಿ ಹುಡುಕಿದೆ. ಎರಡರದೂ ಒಂದೇ ಖಾತೆ, ಒಂದೇ ಬುಟ್ಟಿ. ಸಹಾಯದ ಪುಟದಲ್ಲಿ ಬುಟ್ಟಿ ಖಾಲಿ ಮಾಡಿದ ಮೇಲೆ ಮರಳಿ ತರಲಾಗದು ಎಂದು ಬರೆದಿತ್ತು. ಆ ವಿಡಿಯೋವನ್ನು ನಾವು ಯಾರಿಗೂ ಕಳಿಸಿರಲಿಲ್ಲ. ಅಪ್ಪನಿಗೆ ಬೈಯುವ ವಿಡಿಯೋವನ್ನು ಯಾರಿಗೆ ತಾನೇ ಕಳಿಸುತ್ತೇವೆ?

ಜಗುಲಿಯ ಮೇಲೆ ಕೂತ ಅವ್ವನ ಫೋಟೋವನ್ನು ಸ್ಟುಡಿಯೋಗೆ ಕಳಿಸಿದೆ. ಸಂಜೆ ನನ್ನ ಗಂಡ ಮಕ್ಕಳ ಜೊತೆಗೆ ಕಟ್ಟು ಹಾಕಿಸಿದ ಫೋಟೋವನ್ನೂ ತಂದರು, ಕಾಗದ ಸುತ್ತಿದಂತೆಯೇ ಇಟ್ಟೆವು. ಮಾರನೆಯ ದಿನ ತಿಥಿ ಆಯಿತು. ಎಡೆ ಇಟ್ಟೆವು, ಎಲ್ಲರೂ ನಮಸ್ಕಾರ ಮಾಡಿದರು. ಅವ್ವ ಚೆನ್ನಾಗಿ ಕಾಣುತ್ತಾಳೆ ಎಂದು ಬಂದವರೆಲ್ಲ ಹೇಳಿದರು.

ಊಟವಾಗಿ ನೆಂಟರು ಹೋದ ಮೇಲೆ ಅಪ್ಪ ನನ್ನ ಪಕ್ಕ ಬಂದು ಕೂತ.

"ಅದ್ರಲ್ಲಿ ಅವ್ಳ್ ಬೈದದ್ದು ನಂಗ್ ಪೂರ್ತಿ ಗ್ಯಾನ ಅದೆ ಕಣವ್ವ," ಅಂದ. "'ಇದ್ಯಾಕ್ ಮರ್ದಂಗ್ ನಿಂತಿದ್ದೀರಿ, ಕುಕ್ಕೆ ಎತ್ಕಬನ್ನಿ' ಅಂದ್ಲು. ಅಂದ್ಬುಟ್ಟು ನಗಾಡ್ದ್ಲು."

ಅಪ್ಪ ಹೇಳಿದ್ದು ಸರಿಯಿರಲಿಲ್ಲ.

"ಇಲ್ಲ ಕಣಪ್ಪ. ನಗಾಡ್ನಿಲ್ಲ. ಬೆವ್ರ ಒರಸ್ಕಂಡು, 'ಸಾಕು, ಆರ್ಸಿ ಅದ' ಅಂದ್ಲು. ಕುಕ್ಕೆ ಅಂದದ್ದು ಮೊದ್ಲೇ."

"ನಕ್ಕ್ಲು ಮಗ. ನಾನ್ ಎದ್ರುಗೇ ನಿಂತಿದ್ನಲ್ಲ."

"ನಾನು ದಿನಾ ನೋಡ್ತಿದ್ದೆ ಅಪ್ಪ."

"ನಕ್ಕ್ಲು," ಅಂದ ಅಪ್ಪ ಮತ್ತೆ, ಆದರೆ ಈ ಸಲ ದನಿ ಸಣ್ಣದಾಗಿತ್ತು. ಅತ್ತೆಯ ಕಡೆ ನೋಡಿದ. ಅವಳು ಅದನ್ನು ನೋಡಿಯೇ ಇರಲಿಲ್ಲ.

ನನ್ನದೇ ಸರಿ ಎಂದು ಆಣೆ ಇಡಲು ಹೊರಟೆ. ಅವ್ವ ಬೆವರು ಒರೆಸಿಕೊಂಡದ್ದು ಯಾವ ಕೈಯಲ್ಲಿ ಎಂದು ನೆನೆಯಲು ನೋಡಿದೆ. ಬರಲಿಲ್ಲ. ನಿನ್ನೆ ಬೆಳಿಗ್ಗೆಯಾಗಿದ್ದರೆ ಫೋನು ತೆಗೆದು ತೋರಿಸಿ, "ನೋಡು" ಎನ್ನಬಹುದಿತ್ತು.

"ಅಂಗೂ ಇರ್ಬೌದು," ಅಂದೆ.

ಅಪ್ಪ ತಲೆ ಆಡಿಸಿದ.