ಬಾರದ ಬಾಡಿಗೆ

ಸೊಲ್ಲಾಪುರದ ಫ್ಲ್ಯಾಟಿನ ಸಾಲ ತೀರಿಸಿದ ವರ್ಷ ನಾನು ಸ್ವಲ್ಪ ಮೆರೆದೆ. ಕೈಯಲ್ಲಿದ್ದುದೆಲ್ಲ ಸಾಲಕ್ಕೇ ಹೋಗಿತ್ತು, ಆದರೂ ಎರಡು ಮನೆಯ ಯಜಮಾನ ನಾನು. ವಾರವೆಲ್ಲ ಫ್ಲ್ಯಾಟು, ಶನಿವಾರ ಶಾಲೆಯಲ್ಲಿ ಪಾಠ ಮುಗಿಸಿ, ಹೆಂಡತಿ ಮಗಳೊಂದಿಗೆ ಎಸ್ಟಿ ಬಸ್ಸು ಹತ್ತಿದರೆ ಅಕ್ಕಲಕೋಟೆಯಲ್ಲಿ ಅಪ್ಪ ಕಟ್ಟಿಸಿದ ಮನೆ. ಎರಡರಲ್ಲೂ ನಾವೇ ಇರುವವರು.

ಆಗಿನ ಆದಾಯ ತೆರಿಗೆ ಕಾನೂನಿನಲ್ಲಿ ಸ್ವಂತ ವಾಸಕ್ಕೆಂದು ಒಂದೇ ಮನೆ ತೋರಿಸಬಹುದಿತ್ತು. ಇನ್ನೊಂದರಿಂದ, ಬರದಿದ್ದರೂ, ಬಾಡಿಗೆ ಬಂದಿದೆ ಎಂದೇ ಲೆಕ್ಕ. ರಿಟರ್ನ್ ತುಂಬುವ ಸಲಹೆಗಾರರು ಕೇಳಿದರು, "ಸರ, ಯಾವ ಮನಿ ಸ್ವಂತಕ್ಕ ಬರೀಲಿ? ಫ್ಲ್ಯಾಟ್ ಬರದ್ರ ನಿಮಗ ಚಲೋ. ಅಕ್ಕಲಕೋಟಿ ಮನಿಗಿ ಬಾಡಿಗಿ ಭಾಳ ಹಿಡಿಯೂದಿಲ್ಲ."

"ಅಪ್ಪನ ಮನಿ ಬಾಡಿಗಿಗಿ ಕೊಟ್ಟೀನಂತ ನಾ ಸಹಿ ಮಾಡಾಂವಲ್ರಿ," ಎಂದೆ. "ಟ್ಯಾಕ್ಸ್ ಎರಡು ಕಾಸು ಹೆಚ್ಚಾದ್ರ ಆಗ್ಲಿ."

ಅವರು ಅಪ್ಪನ ಮನೆಯನ್ನೇ ಸ್ವಂತಕ್ಕೆ ಬರೆದರು. ನಮ್ಮ ಓಣಿಯಲ್ಲಿ ನಡೆಯುವ ದರದಂತೆ ಫ್ಲ್ಯಾಟಿಗೆ ವರ್ಷಕ್ಕೆ ಎಂಬತ್ತನಾಲ್ಕು ಸಾವಿರ ಹಿಡಿದರು. ಪಾಲಿಕೆಗೆ ಕಟ್ಟಿದ ಮನೆಪಟ್ಟಿ ತೆರಿಗೆ ಆರು ಸಾವಿರ ಕಳೆದು, ಉಳಿದುದರಲ್ಲಿ ರಿಪೇರಿ ಮುಂತಾದ್ದಕ್ಕೆಂದು ನೂರಕ್ಕೆ ಮೂವತ್ತು ಬಿಟ್ಟರು. ಸಾಲವೇ ಇಲ್ಲದ್ದರಿಂದ ಕಳೆಯಲು ಬಡ್ಡಿಯೂ ಇರಲಿಲ್ಲ. ಐವತ್ನಾಲ್ಕು ಸಾವಿರದ ಆರುನೂರು ರೂಪಾಯಿ ಮನೆ ಆಸ್ತಿಯ ಆದಾಯವೆಂದು ನನ್ನ ಸಂಬಳಕ್ಕೆ ಸೇರಿತು. ಒಂದು ರೂಪಾಯಿಯನ್ನೂ ನಾನು ಕಣ್ಣಿಂದ ನೋಡಿದವನಲ್ಲ.

ಅದೇ ತಿಂಗಳು ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಅರ್ಧ ಫೀ ಮಾಫಿಗೆ ತಹಸೀಲ್ದಾರರ ಆದಾಯ ಪ್ರಮಾಣಪತ್ರ ಬೇಕು. ನನ್ನ ಸಂಬಳ ಮಾಫಿಗೆ ಇಟ್ಟಿದ್ದ ಆದಾಯದ ಮಿತಿಗಿಂತ ಮೂವತ್ತು ಸಾವಿರ ಕಡಿಮೆ ಇದ್ದುದರಿಂದ ನಿಶ್ಚಿಂತೆಯಿಂದ ತಹಸೀಲ್ದಾರರ ಕಚೇರಿಗೆ ಹೋದೆ. ಗುಮಾಸ್ತ ರಿಟರ್ನಿನ ಮೇಲೆ ಬೆರಳಿಟ್ಟು, "ಮಿತಿ ದಾಟೇದಲ್ರಿ ಸರ," ಎಂದ.

"ಅದು ಬಂದ ರೊಕ್ಕ ಅಲ್ಲಪಾ!"

"ಕಾಗದದಾಗ ಬಂದದಲ್ರಿ."

ಸಲಹೆಗಾರರ ಬಳಿ ಓಡಿದೆ. ಅಕ್ಕಲಕೋಟೆ ಮನೆಯನ್ನು ಬಾಡಿಗೆಯದೆಂದು ತೋರಿಸಿದ್ದರೆ ಹದಿನಾರು ಸಾವಿರ ಮಾತ್ರ ಸೇರುತ್ತಿತ್ತು, ಮಿತಿಯೊಳಗೇ ಇರುತ್ತಿದ್ದೆ. ಮಕ್ಕಳಿಗೆ ಗಣಿತ ಕಲಿಸುವವನಿಗೆ ಈ ಲೆಕ್ಕ ಹೊಳೆದಿರಲಿಲ್ಲ. "ರಿಟರ್ನ್ ತಿದ್ದಿ ಇವತ್ತೇ ಹಾಕ್ತೀನ್ರಿ," ಎಂದರು ಅವರು, "ಆದ್ರ ಹೊಸ ಪ್ರಮಾಣಪತ್ರಕ್ಕ ಹದಿನೈದು ದಿನ ಬೇಕು." ಕಾಲೇಜಿಗೆ ಫೀ ಕಟ್ಟುವ ಕಡೆಯ ದಿನ ನಾಳಿದ್ದು. ಪೂರ್ತಿ ಫೀ ಕಟ್ಟಲು ನನಗೆ ದಾರಿಯಿರಲಿಲ್ಲ. ಸೀಟು ಹೋಯಿತು, ಮಗಳು ಊರಲ್ಲೇ ಬಿ.ಎಸ್ಸಿ. ಸೇರಿದಳು.

ಎರಡು ವರ್ಷದ ಮೇಲೆ ಕಾನೂನು ಬದಲಾಯಿತು. ಎರಡು ಮನೆಗಳನ್ನೂ ಸ್ವಂತ ವಾಸಕ್ಕೆ ತೋರಿಸಬಹುದು, ಬಾಡಿಗೆ ಹಿಡಿಯುವುದಿಲ್ಲ. ಆ ಸುದ್ದಿ ಕೇಳಿ ನನಗೆ ಸಂತೋಷವಾಗಲಿಲ್ಲ, ಹೋದ ಸೀಟೇ ನೆನಪಾಯಿತು. ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. ಸಲಹೆಗಾರರು ಮೊದಲೇ ಹೇಳಿದ್ದರು, ನಾನೇ ಕೇಳಲಿಲ್ಲ ಎಂಬುದನ್ನೂ ಅಂದು ಮೊದಲ ಸಲ ಬಾಯಿಬಿಟ್ಟೆ. ಅಷ್ಟು ದಿನ ಅವಳು ತಪ್ಪು ಕಾನೂನಿನದೆಂದೇ ತಿಳಿದಿದ್ದಳು.

ಅವಳು ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. "ಸಹಿ ಮಾಡೂ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತಪ್ಪಾ," ಎಂದು ಕೈ ತೊಳೆಯಲು ಎದ್ದಳು.