ಕೆಂಪು ಇಳಿಸುವ ಬಾಟಲಿ

ಹೋದ ವರ್ಷ, ಹದಿನೈದನೇ ವಯಸ್ಸಿಗೇ, ನಾನು ತಳಿ ಎಂಬ ನಮ್ಮೂರ ಸುತ್ತಿನ ಹೆಸರಾಂತ ಕಣ್ಣಿನ ವೈದ್ಯನಾಗಿದ್ದೆ. ಆಸ್ಪತ್ರೆ ಎಂದರೆ ನಮ್ಮ ಜಗಲಿ, ಔಷಧಿ ಎಂದರೆ ಹೆಬ್ಬೆರಳುದ್ದದ ಒಂದು ಬಾಟಲಿ. ಧೂಳಿಗೆ ಕೆರೆಯುತ್ತಿದ್ದ ಚಿಕ್ಕಪ್ಪನ ಕಣ್ಣಿಗೆ ಹೊಸೂರಿನ ಡಾಕ್ಟರು ಬರೆದುಕೊಟ್ಟದ್ದು ಅದು. ಒಂದೇ ದಿನಕ್ಕೆ ಕೆಂಪು ಇಳಿಯಿತು, ಮಿಕ್ಕ ಬಾಟಲಿ ನನ್ನ ಪಾಲಾಯಿತು. ಮುಗಿದಾಗ ಖಾಲಿ ಬಾಟಲಿ ತೋರಿಸಿದರೆ ಮೆಡಿಕಲ್ ಶಾಪಿನವನು ಇನ್ನೊಂದು ಕೊಡುತ್ತಿದ್ದ, ಚೀಟಿ ಕೇಳುತ್ತಿರಲಿಲ್ಲ. ಕಣ್ಣು ಕೆಂಪಾದ ಐದು ಮನೆಯವರು ನನ್ನ ಮುಂದೆ ಆಕಾಶ ನೋಡಿಕೊಂಡು ಕೂತಿದ್ದರು. ಒಂದು ಎಮ್ಮೆಗೂ ಹಾಕಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು, ಎಮ್ಮೆ ಒಪ್ಪಲಿಲ್ಲ.

ಮುಸುಕಿನ ಜೋಳ ಮುರಿಯುವಾಗ ಅಪ್ಪನ ಬಲಗಣ್ಣಿಗೆ ಒಣಗಿದ ಎಲೆ ಗೀರಿತು. ಮೂರನೇ ದಿನ ಕಣ್ಣು ಕೆಂಪಾಗಿ ಚುಚ್ಚತೊಡಗಿತು.

"ಡಾಕ್ಟ್ರೇ, ನೋಡ್ಲಾ ಒಸಿ," ಎಂದ ಅಪ್ಪ.

ದಿನಕ್ಕೆ ನಾಲ್ಕು ಸಲ ಹನಿ ಬಿಟ್ಟೆ. ಎರಡು ದಿನಕ್ಕೆ ಕೆಂಪು ಇಳಿಯಿತು, ನೋವೂ ತಗ್ಗಿತು. ನಾನು ಊರಿನಲ್ಲಿ ಎದೆ ಮುಂದೆ, ಕಾಲು ಹಿಂದೆ ಬಿಟ್ಟುಕೊಂಡು ನಡೆದೆ.

ಹನಿ ಮಾತ್ರ ನಿಲ್ಲಿಸಿರಲಿಲ್ಲ. ನಾಲ್ಕನೇ ದಿನ ಅಕ್ಕ ಊರಿಗೆ ಬಂದಳು. ಅವಳು ಹೊಸೂರಿನ ವಾಚ್ ಫ್ಯಾಕ್ಟರಿಯಲ್ಲಿ ಸಾಸಿವೆಗಿಂತ ಸಣ್ಣ ಚಕ್ರಗಳನ್ನು ಕೂರಿಸುವವಳು. ಕಣ್ಣಿಗೆ ಒತ್ತಿಕೊಳ್ಳುವ ಭೂತಗನ್ನಡಿಗೆ ಚಷ್ಮಾ ಅಡ್ಡ ಬರುತ್ತದೆಂದು ಬೆಂಗಳೂರಿನಿಂದ ಕಾಂಟ್ಯಾಕ್ಟ್ ಲೆನ್ಸ್ ತಂದಿದ್ದಳು. ನಲ್ಲಿ ನೀರಲ್ಲಿ ತೊಳೆಯುತ್ತಿದ್ದಳು, ಶಿಫ್ಟ್ ಮುಗಿಸಿ ಬಂದು ಹಾಕಿಕೊಂಡೇ ಮಲಗುತ್ತಿದ್ದಳು. ಬಂದ ದಿನ ಬರೀ ಕಿರಿಕಿರಿ ಎಂದಿದ್ದ ಎಡಗಣ್ಣು ಮರುದಿನ ಬೆಳಗ್ಗೆ ಟೊಮೇಟೊದಂತೆ ಕೆಂಪಾಗಿ ಕೀವು ಸುರಿಸುತ್ತಿತ್ತು. ಲೆನ್ಸ್ ತೆಗೆದರೂ ಬೆಳಕು ನೋಡಲಾಗುತ್ತಿರಲಿಲ್ಲ.

"ನಾಳಿದ್ದು ಫ್ಯಾಕ್ಟ್ರಿ ಸೀಟಲ್ಲಿ ಕೂರ್ಬೇಕು ಕಣೋ. ಅಪ್ಪಂಗೆ ಹಾಕಿದ್ದನ್ನೇ ಹಾಕು, ಕೆಂಪು ಬ್ಯಾಗ ಇಳೀಲಿ."

ಮುಚ್ಚಳ ತಿರುಗಿಸಿದೆ. ಪಕ್ಕದಲ್ಲಿ ಕೂತಿದ್ದ ಅಪ್ಪ, "ತಡಿಯಲಾ," ಎಂದ. "ಬೆಳಗ್ಗಿಂದ ನಂಗೆ ಮಂಜು ಮಂಜು. ನಿನ್ ಮಕ ಅರ್ಧಾನೇ ಕಾಣ್ತದೆ."

"ಚೆನ್ನಾಗಿರೋ ಅರ್ಧ ತಾನೆ?" ಎಂದೆ. ಯಾರೂ ನಗಲಿಲ್ಲ. ಅಪ್ಪನ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದರೆ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬೂದು ಮಚ್ಚೆ. ಅದರ ಅಂಚು ನೀಟಾಗಿರಲಿಲ್ಲ, ಗರಿಯಂತೆ ಸೀಳುಸೀಳಾಗಿತ್ತು. ಮುಚ್ಚಳ ಹಾಕಿ ಬಾಟಲಿಯನ್ನು ಜೇಬಿಗಿಟ್ಟೆ.

ಮೊದಲು ಸಿಕ್ಕ ಬಸ್ಸಿಗೇ ಮೂವರೂ ಹೊಸೂರಿಗೆ ಹೋದೆವು. ಕಣ್ಣಿನ ಡಾಕ್ಟರಮ್ಮ ಇಬ್ಬರ ಕಣ್ಣನ್ನೂ ಮರಗಟ್ಟಿಸಿ, ಹುಣ್ಣಿನ ಮೇಲಿಂದ ಸಣ್ಣ ಬ್ಲೇಡಿನಲ್ಲಿ ಕೆರೆದು, ಗಾಜಿನ ಚೂರುಗಳಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರು.

"ಪಾಪಾ, ನಿಂದು ಬ್ಯಾಕ್ಟೀರಿಯಾ," ಎಂದರು ಅಕ್ಕನಿಗೆ. "ಲೆನ್ಸ್ ಕೆಳಗೆ ಕೂತು ಬೆಳೆದಿದೆ. ಇದು ಒಂದೆರಡು ದಿನಕ್ಕೇ ಕಣ್ಣು ತಿಂದ್ಬಿಡುತ್ತೆ. ಬೇಗ ಬಂದೆ. ಗಂಟೆಗೊಂದ್ಸಲ ಡ್ರಾಪ್ಸ್ ಹಾಕ್ಬೇಕು, ರಾತ್ರೀನೂ." ಆಮೇಲೆ ಅಪ್ಪನ ಕಡೆ ತಿರುಗಿದರು. "ನಿಮ್ದು ಬೂಷ್ಟು. ಎಲೆ ಜೊತೆ ಒಳಗೆ ಹೋಗಿದೆ. ಆದ್ರೆ ಇಷ್ಟು ಆಳಕ್ಕೆ ಇಷ್ಟು ಬೇಗ ಇಳಿಯೋದಿಲ್ಲ. ಏನು ಹಾಕಿದ್ರಿ?"

ಬಾಟಲಿ ನನ್ನ ತೊಡೆಗೆ ಒತ್ತುತ್ತಿತ್ತು.

"ನಾನೇ ಏನೋ ಸೊಪ್ಪಿನ ರಸ ಬುಟ್ಕಂಡೆ ತಾಯೀ," ಎಂದ ಅಪ್ಪ, ನನ್ನ ಕಡೆ ನೋಡದೆ.

ಡಾಕ್ಟರಮ್ಮ ಚೀಟಿಯಲ್ಲಿ ಅದನ್ನೇ ಬರೆಯಲು ಪೆನ್ನು ಎತ್ತಿಕೊಂಡರು. ನಾನು ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. "ನಾನು ಹಾಕ್ದೆ. ಐದು ದಿನ. ದಿನಕ್ಕೆ ನಾಕು ಸಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದು ಸ್ಟೀರಾಯ್ಡ್. ಕೆಂಪು, ನೋವು ಇವೆಲ್ಲ ಮೈ ಜಗಳ ಆಡ್ತಿರೋ ಗುರುತು. ಇದು ಜಗಳ ಆಡೋರ್ನೇ ಮಲಗಿಸುತ್ತೆ. ಕಣ್ಣು ಬೆಳ್ಳಗಾಗುತ್ತೆ, ಒಳಗೆ ಬೂಷ್ಟು ಆರಾಮಾಗಿ ಬೇರು ಬಿಡುತ್ತೆ. ಅಲರ್ಜಿಗೆ ಕೊಟ್ಟೋರು ನೋಡಿ ಕೊಟ್ಟಿರ್ತಾರೆ. ನೀನು ಏನು ನೋಡ್ದೆ?"

ನಾನು ನೋಡಿದ್ದು ಕೆಂಪನ್ನು ಮಾತ್ರ.

ಬಾಟಲಿಯನ್ನು ಅವರೇ ಇಟ್ಟುಕೊಂಡು ಅಪ್ಪನಿಗೆ ಬೂಷ್ಟಿನ ಹನಿ ಬರೆದರು. ಅದೂ ಗಂಟೆಗೊಮ್ಮೆ, ವಾರಗಟ್ಟಲೆ. ಅಕ್ಕನ ಹುಣ್ಣು ಎರಡು ವಾರದಲ್ಲಿ ಆರಿತು. ಈಗ ಅವಳು ಚಷ್ಮಾದ ಮೇಲೇ ಭೂತಗನ್ನಡಿ ಒತ್ತಿಕೊಂಡು ಗೊಣಗುತ್ತಾಳೆ.

ಅಪ್ಪನ ಹುಣ್ಣೂ ಆರಿತು, ಎರಡು ತಿಂಗಳು ಹಿಡಿಯಿತು. ಬಿಳಿ ಕಲೆ ನಿಂತಿತು. ಆ ಕಣ್ಣಿಗೆ ಕೈ ಅಲ್ಲಾಡಿಸಿದರೆ ಗೊತ್ತಾಗುತ್ತದೆ, ಬೆರಳು ಎಷ್ಟೆಂದು ಗೊತ್ತಾಗುವುದಿಲ್ಲ. ಆ ಎರಡು ತಿಂಗಳೂ ಅಮ್ಮ ಹನಿ ಬಿಡಲು ಬಂದರೆ ಅಪ್ಪ ತಲೆ ತಿರುಗಿಸುತ್ತಿದ್ದ.

"ಅವ್ನೇ ಬುಡ್ಲಿ. ಅವನ ಕೈ ಪಳಗೈತೆ."

ನಾನು ರೆಪ್ಪೆ ಬಿಡಿಸಿ ಹಿಡಿಯುತ್ತಿದ್ದೆ. ಪಳಗಿದ ಕೈಯಿಂದಲೂ ಮೊದಲ ಹನಿ ಯಾವಾಗಲೂ ಅವನ ಕೆನ್ನೆಗೇ ಬೀಳುತ್ತಿತ್ತು.