ಟೀಚರ್ ನೋಟ್‌ಬುಕ್ಕೂ ನಾನು ಬಿಟ್ಟ ಸಾಲುಗಳೂ

ಹಾರೂಗೇರಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇದೆ. ಝೆರಾಕ್ಸ್, ಪ್ರಿಂಟ್, ಹೊಲದ ಪಹಣಿ ಉತಾರ, ಮಕ್ಕಳ ಹಾಲ್‌ಟಿಕೆಟ್, ಎಲ್ಲ ಇಲ್ಲೇ. ಯಾವುದೇ ವಸ್ತು ಕೈಗೆ ಸಿಕ್ಕರೂ ಬಿಚ್ಚಿ ನೋಡದಿದ್ದರೆ ನನಗೆ ಉಂಡದ್ದು ಕರಗುವುದಿಲ್ಲ. ಐವತ್ತಕ್ಕೆ ಕಾಲಿಡುವ ಹೊತ್ತಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಕೂತದ್ದೂ ಈ ಚಟದಿಂದಲೇ. "ಈ ವಯಸ್ಸಿನ್ಯಾಗ ಹಾವಿನ ಹೆಸರಿಂದು ಏನ್ ಕಲಿತೀರಿ, ಮೊಣಕಾಲಿಗೆ ಎಣ್ಣಿ ಹಚ್ಕೋರಿ" ಎಂದು ಹೆಂಡತಿ ನಕ್ಕಿದ್ದಳು. ನಗಲಿ ಬಿಡಿ. ಕಲಿತದ್ದನ್ನು ಯಾರಿಗಾದರೂ ತೋರಿಸಲು ನಾನೇ ತುದಿಗಾಲಲ್ಲಿ ನಿಂತಿದ್ದೆ.

ಅವಕಾಶ ಒಂದು ಶನಿವಾರ ಮಧ್ಯಾಹ್ನ ಬಂತು. ಅನಂತಪುರದ ಕಡೆಯ ಕನ್ನಡ ಶಾಲೆಯ ಟೀಚರ್ ಒಬ್ಬರು. ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಇಲ್ಲಿಗೆ ಬಂದು, ಬಸ್ಸು ಬದಲಿಸಿ ಚಿಕ್ಕೋಡಿಗೆ ಹೋಗುತ್ತಿದ್ದರು. ಅಲ್ಲಿಯ ವಿಶೇಷ ಶಾಲೆಯಲ್ಲಿ ಅವರ ಎಂಟು ವರ್ಷದ ಮಗಳು ಓದುತ್ತಿದ್ದಳು. ಮಗುವಿಗೆ ಕಿವಿ ಕೇಳುವುದಿಲ್ಲ, ಹಾಸ್ಟೆಲಿನಲ್ಲೇ ಇರುತ್ತಿತ್ತು. ಇದೆಲ್ಲ ನನಗೆ ಆವತ್ತೇ ಗೊತ್ತಾದದ್ದು. ಅಲ್ಲಿಯವರೆಗೆ ಅವರು ನನಗೆ ಬಸ್ಸು ಕಾಯುತ್ತ ಪೆನ್ನಿನ ರೀಫಿಲ್ ಕೊಳ್ಳುವ ಟೀಚರ್, ಅಷ್ಟೇ.

"ಅಣ್ಣಾರ, ಸೋಮವಾರ ಚಿಕ್ಕೋಡ್ಯಾಗ ವರ್ಗಾವಣಿ ಕೌನ್ಸೆಲಿಂಗ್ ಐತ್ರಿ" ಎಂದು ಫೋನು ಮುಂದೆ ಹಿಡಿದರು. "ಹುದ್ದೆ ಖಾಲಿ ಇರೋ ಸಾಲಿಗೋಳ ಪಟ್ಟಿ ಇಂಟರ್‌ನೆಟ್‌ನ್ಯಾಗ ಬಿಟ್ಟಾರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದು ತಾಲೂಕಿಗೆ ಐದು ಪುಟ ಅದಾವು. ನೋಡಿ ನೋಡಿ ಕಣ್ಣು ಹೋದುವ್ರಿ. ಬಸ್ಸಿನ್ಯಾಗ ಕುಂತು ಬರಕೊಳ್ಳಾಕತ್ತೇನಿ, ಚಿಕ್ಕೋಡಿ ಒಂದ ಇನ್ನೂ ಅರ್ಧಾ ಆಗಿಲ್ಲ."

"ಬರಕೊಂಡು ಏನ್ ಮಾಡ್ತೀರಿ?"

"ನನ್ನ ನಂಬರ್ ಕರದಾಗ ಎರಡ ನಿಮಿಷದಾಗ ಊರು ಹೇಳಬೇಕ್ರಿ. ಚಿಕ್ಕೋಡಿಯಿಂದ ಒಂದ ಬಸ್ಸಿಗೆ ಹೋಗೋ ಸಾಲಿ ಸಿಕ್ಕರ, ಚಿಕ್ಕೋಡ್ಯಾಗ ಒಂದು ಖೋಲಿ ಹಿಡೀತೇನಿ. ಮಗಳು ದಿನಾ ಸಂಜಿಗೆ ನನ್ನ ಹಂತ್ಯಾಕ ಬರ್ತಾಳ. ಸಿಗಲಿಲ್ಲಂದ್ರ..." ಎಂದು ನಿಲ್ಲಿಸಿ, "ವಾರಕ್ಕೊಮ್ಮೆ ನೋಡೂದು ಐತೆಲ್ಲ, ಅದ" ಎಂದರು.

ನಾನು ಆ ಪುಟವನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದೆ. ಕಂಟ್ರೋಲ್ ಮತ್ತು ಯು ಒತ್ತಿ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡಿದೆ. ಅಬ್ಬಾ! ಎಷ್ಟು ಸಾದಾ ಪುಟ. ಗುಂಡಿ ಒತ್ತಿದರೆ ಮಾತ್ರ ತುಂಬಿಕೊಳ್ಳುವ ಹೊಸ ಕಾಲದ ಆಟವಿಲ್ಲ, ಲಾಗಿನ್ ಇಲ್ಲ. ಒಂದೇ ಕೋಷ್ಟಕ, ಸಾಲಿಗೊಂದು ಟಿಆರ್ ಗುರುತು, ಮನೆಗೊಂದು ಟಿಡಿ ಗುರುತು, ಬರೆದದ್ದೆಲ್ಲ ಬರೆದಲ್ಲೇ ಕೂತಿದೆ. ಸಾಲಿಗೆ ಐದು ಮನೆ: ಕ್ಲಸ್ಟರ್, ಶಾಲೆಯ ಊರು, ಮಾಧ್ಯಮ, ವಿಷಯ, ಖಾಲಿ ಹುದ್ದೆ. ಕ್ಲಸ್ಟರ್ ಎಂದರೆ ಹತ್ತಿರ ಹತ್ತಿರದ ಶಾಲೆಗಳ ಒಂದು ಗುಂಪು.

"ಟೀಚರ್, ಪೆನ್ನು ಕೆಳಗಿಡ್ರಿ. ಚಹಾ ತರಸ್ತೇನಿ. ನೀವು ಕುಡಿಯೂದ್ರಾಗ ಐದೂ ತಾಲೂಕು ಎಕ್ಸೆಲ್‌ನ್ಯಾಗ ಇರ್ತಾವು" ಎಂದೆ. ಆ ಗತ್ತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಪೈಥಾನಿನಲ್ಲಿ ಈ ಕೆಲಸ ಎರಡು ಭಾಗದ್ದು. ರಿಕ್ವೆಸ್ಟ್ಸ್ ಎಂಬುದು ಹೋಗಿ ಪುಟವನ್ನು ತರುತ್ತದೆ, ಬ್ಯೂಟಿಫುಲ್‌ಸೂಪ್ ಎಂಬುದು ಅದನ್ನು ಬಿಡಿಸಿ ಕೊಡುತ್ತದೆ. ಐದು ವಿಳಾಸ ಬರೆದು, ಒಂದೊಂದು ಪುಟ ತಂದ ಮೇಲೆ ಎರಡು ಸೆಕೆಂಡು ಸುಮ್ಮನಿರು ಎಂದೂ ಬರೆದೆ. ಯಾರದೋ ಮನೆಯ ಬಾಗಿಲನ್ನು ದಬದಬ ಬಡಿಯಬಾರದಲ್ಲ. ಮೊದಲ ಸಲ ಕನ್ನಡದ ಜಾಗದಲ್ಲಿ ಏನೇನೋ ಗೀಚು ಬಂತು. ಟೀಚರ್ ಬಗ್ಗಿ ನೋಡಿ, "ಇದ್ಯಾವ ಮಾಧ್ಯಮರೀ?" ಎಂದು ನಕ್ಕರು. ಅಕ್ಷರ ಯಾವ ಸಂಕೇತದಲ್ಲಿವೆ ಎಂದು ಆ ಸರ್ವರ್ ಹೇಳಿರಲಿಲ್ಲ, ರಿಕ್ವೆಸ್ಟ್ಸ್ ತನಗೆ ತಿಳಿದದ್ದನ್ನು ಊಹಿಸಿತ್ತು. ಯುಟಿಎಫ್-೮ ಎಂದು ನಾನೇ ಹೇಳಿದೊಡನೆ ಕನ್ನಡ ನೆಟ್ಟಗಾಯಿತು.

ಎರಡನೇ ಸಲ ಕೆಂಪಕ್ಷರದ ದೋಷ ಬಂತು: ಪಟ್ಟಿಯಲ್ಲಿ ಅಷ್ಟು ಮನೆಗಳೇ ಇಲ್ಲ, ಐದನೆಯದನ್ನು ಎಲ್ಲಿಂದ ತರಲಿ, ಎಂಬ ಅರ್ಥದ್ದು. ನೋಡಿದರೆ ತಲೆಬರಹದ ಸಾಲು. ಅಲ್ಲಿರುವುದು ಟಿಎಚ್, ನಾನು ಹುಡುಕುತ್ತಿರುವುದು ಟಿಡಿ, ಹಾಗಾಗಿ ಅದರಲ್ಲಿ ಒಂದೂ ಸಿಕ್ಕಿರಲಿಲ್ಲ. ಅದೇನು ಮಹಾ ಎಂದುಕೊಂಡು ಒಂದು ಸಾಲು ಸೇರಿಸಿದೆ: ಐದಕ್ಕಿಂತ ಕಡಿಮೆ ಮನೆ ಇದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗು. ಒತ್ತಿದೆ. ದೋಷ ಮಾಯ. ಫೈಲು ಎಕ್ಸೆಲ್‌ನಲ್ಲಿ ಅಚ್ಚುಕಟ್ಟಾಗಿ ತೆರೆದುಕೊಂಡಿತು. ಚಹಾ ಇನ್ನೂ ಬಿಸಿ ಇತ್ತು, ನನಗಂತೂ ಅಂಗಡಿಯ ಮಾಳಿಗೆ ಹತ್ತಿ ಕೂಗಬೇಕೆನಿಸಿತು.

ಕನ್ನಡ ಮಾಧ್ಯಮ ಎಂದು ಸೋಸಿದೆವು. ಮರಾಠಿ, ಉರ್ದು ಶಾಲೆಗಳು ಬದಿಗೆ ಸರಿದವು. ಉಳಿದ ಒಂದೊಂದೇ ಊರನ್ನು ನಾನು ಓದುತ್ತ ಹೋದೆ, ಟೀಚರ್ ಎಷ್ಟು ಬಸ್ಸು ಎಂದು ಹೇಳುತ್ತ ಹೋದರು. ಎರಡು ಬಸ್ಸು. ಎರಡು ಬಸ್ಸು, ಮೇಲೆ ನಡಿಗೆ. ಮೂರು. ಪಟ್ಟಿ ಮುಗಿಯಿತು. ಒಂದೇ ಬಸ್ಸಿನ ಊರು ಒಂದೂ ಇರಲಿಲ್ಲ.

"ಏಕಸಂಬಿ ಹಂತ್ಯಾಕ ಒಂದು ತೋಟದ ಸಾಲಿ ನಿನ್ನೆ ಕಂಡಿದ್ದೆರಿ, ಕಣ್ಣಾರೆ" ಎಂದರು ಮೆಲ್ಲಗೆ.

"ಪಟ್ಟಿ ದಿನಾ ಬದಲಾಗತೈತ್ರಿ ಟೀಚರ್. ನಿನ್ನೆ ಇತ್ತು, ಇವತ್ತ ತಗದಿರಬೇಕು."

"ಮತ್ತೊಮ್ಮೆ ನೋಡ್ತೀರೇನ್ರಿ?"

ನನಗೆ ರೇಗಿತು. ನನ್ನ ಸ್ವಭಾವವೇ ಹಾಗೆ, ನಾನು ಮಾಡಿದ್ದನ್ನು ಯಾರಾದರೂ ಅನುಮಾನಿಸಿದರೆ ಮೂಗಿನ ತುದಿಗೆ ಬರುತ್ತದೆ. "ಮನಷ್ಯಾ ತಪ್ಪತಾನ್ರಿ. ಇದು ಒಂದೊಂದ ಸಾಲು ಓದೇತಿ. ನಿಮ್ಮ ಕಣ್ಣ ಹೆಚ್ಚೋ, ಇದು ಹೆಚ್ಚೋ?" ಎಂದೆ.

ಅವರು ನಾನು ತೆಗೆದುಕೊಟ್ಟ ಪ್ರಿಂಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಹಂಗಾರ ಸೋಮವಾರ ಹೋಗೂದರಾಗ ಏನೂ ಇಲ್ರಿ. ನಾಳೆ ಮಗಳನ್ನ ನೋಡಿಕೊಂಡು ಸಂಜಿ ಬಸ್ಸಿಗೆ ತಿರುಗಿ ಬರ್ತೇನಿ" ಎಂದರು. ಅಷ್ಟರಲ್ಲಿ ಚಿಕ್ಕೋಡಿ ಬಸ್ಸು ಬಂತು, ಓಡಿದರು. ಕೌಂಟರಿನ ಮೇಲೆ ಅವರ ನೋಟ್‌ಬುಕ್ ಉಳಿಯಿತು.

ಮರುದಿನ ಭಾನುವಾರ ಬೆಳಿಗ್ಗೆ ಗಿರಾಕಿಗಳಿರಲಿಲ್ಲ. ನೋಟ್‌ಬುಕ್ ಅಲ್ಲೇ ಬಿದ್ದಿತ್ತು. ಬಿಚ್ಚದೆ ಬಿಡುವವನೇ ನಾನು? ಮೊದಲ ಪುಟದ ಮೇಲೆ ಶನಿವಾರದ ತಾರೀಕು, ಚಿಕ್ಕೋಡಿ ತಾಲೂಕು ಎಂಬ ತಲೆಬರಹ, ಸ್ಕೇಲಿನಿಂದ ಎಳೆದ ಐದು ಮನೆ. ಬಸ್ಸಿನ ಕುಲುಕಾಟದಲ್ಲೂ ಅಕ್ಷರ ಮುತ್ತಿನಂತಿದ್ದವು. ಸುಮ್ಮನೆ ಎಣಿಸಿದೆ. ಅರ್ಧಕ್ಕೆ ನಿಲ್ಲಿಸಿದ ಅವರ ಪಟ್ಟಿಯಲ್ಲಿ ಇಪ್ಪತ್ತೇಳು ಸಾಲು. ಚಿಕ್ಕೋಡಿಯ ಇಡೀ ಪುಟ ಓದಿದ ನನ್ನ ಫೈಲಿನಲ್ಲಿ ಹದಿನಾರು.

ಅರೆ! ಅರ್ಧ ಪಟ್ಟಿ ಪೂರ್ತಿ ಪಟ್ಟಿಗಿಂತ ದೊಡ್ಡದು ಹೇಗಾಗುತ್ತದೆ? ತಾರೀಕು ಎರಡಕ್ಕೂ ಒಂದೇ.

ಮತ್ತೆ ನೋಡಿದೆ. ಟೀಚರ್ ಕ್ಲಸ್ಟರಿನ ಹೆಸರನ್ನು ಪ್ರತಿ ಸಾಲಿಗೂ ಬರೆದಿರಲಿಲ್ಲ. ಮೊದಲ ಶಾಲೆಯ ಮುಂದೆ ಒಮ್ಮೆ ಬರೆದು, ಕೆಳಗಿನ ಶಾಲೆಗಳ ಮುಂದೆ ಎರಡೆರಡು ಪುಟ್ಟ ಗೀಟು ಎಳೆದಿದ್ದರು. ಹಾಜರಿ ಪುಸ್ತಕ ತುಂಬುವವರ ಕೈ ಅದು. ಮೇಲಿನದೇ ಇಲ್ಲಿಯೂ ಎಂದು ಅರ್ಥ. ನನ್ನ ಫೈಲಿನಲ್ಲಿ? ಒಂದೊಂದು ಕ್ಲಸ್ಟರಿನ ಹೆಸರು ಒಂದೊಂದೇ ಸಲ ಬಂದಿತ್ತು. ಗೀಟು ಇದ್ದ ಶಾಲೆ ಒಂದೂ ಇರಲಿಲ್ಲ.

ಪುಟದ ಹೊಟ್ಟೆ ಮತ್ತೆ ತೆರೆದೆ. ಕ್ಲಸ್ಟರಿನ ಮನೆಯಲ್ಲಿ ರೋ-ಸ್ಪ್ಯಾನ್ ಎಂದು ಬರೆದು ಪಕ್ಕದಲ್ಲಿ ನಾಲ್ಕು ಎಂದಿತ್ತು. ಅಂದರೆ ಈ ಒಂದು ಮನೆ ನಾಲ್ಕು ಸಾಲಿನ ಉದ್ದಕ್ಕೂ ಚಾಚಿಕೊಂಡಿದೆ. ಆದ್ದರಿಂದ ಕೆಳಗಿನ ಮೂರು ಸಾಲಿನಲ್ಲಿ ಕ್ಲಸ್ಟರಿನ ಟಿಡಿ ಇಲ್ಲವೇ ಇಲ್ಲ, ನಾಲ್ಕೇ ಮನೆ. ನಾನು ಏನು ಹೇಳಿದ್ದೆ? ಐದಕ್ಕಿಂತ ಕಡಿಮೆ ಇದ್ದರೆ ಬಿಟ್ಟು ಮುಂದೆ ಹೋಗು. ತಲೆಬರಹದ ಒಂದು ಸಾಲನ್ನು ದಾಟಲು ಹೋಗಿ ಐದು ತಾಲೂಕಿನ ಮುಕ್ಕಾಲು ಪಾಲು ಶಾಲೆಗಳನ್ನು ನಾನೇ ಎತ್ತಿ ಬಿಸಾಡಿದ್ದೆ. ಯಂತ್ರ ತಪ್ಪಿರಲಿಲ್ಲ, ಹೇಳಿದ್ದನ್ನೇ ಮಾಡಿತ್ತು. ಅದರ ಹೆಸರು ಹೇಳಿ ಒಬ್ಬ ತಾಯಿಯ ಬಾಯಿ ಮುಚ್ಚಿಸಿದವನು ನಾನು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ನಾಚಿಕೆಯಾಯಿತು.

ಟೀಚರ್ ಮಾಡಿದ್ದನ್ನೇ ಯಂತ್ರಕ್ಕೂ ಕಲಿಸಿದೆ. ಐದು ಮನೆ ಇದ್ದರೆ ಕ್ಲಸ್ಟರಿನ ಹೆಸರನ್ನು ನೆನಪಿಟ್ಟುಕೋ. ನಾಲ್ಕೇ ಇದ್ದರೆ ನೆನಪಿಟ್ಟ ಹೆಸರನ್ನು ಮುಂದೆ ಸೇರಿಸು. ಒಂದೂ ಇಲ್ಲದ್ದು ತಲೆಬರಹ, ಅದನ್ನು ಮಾತ್ರ ಬಿಡು. ಓಡಿಸಿದೆ. ಈ ಸಲ ನಂಬಲಿಲ್ಲ, ಪುಟದ ಸಾಲುಗಳನ್ನೂ ಫೈಲಿನ ಸಾಲುಗಳನ್ನೂ ಬೆರಳಿಟ್ಟು ಎಣಿಸಿದೆ. ಸರಿಹೋಯಿತು. ಏಕಸಂಬಿ ಹತ್ತಿರದ ಆ ತೋಟದ ಶಾಲೆ ತನ್ನ ಕ್ಲಸ್ಟರಿನ ಮೂರನೆಯ ಸಾಲಿನಲ್ಲಿ ಕೂತಿತ್ತು. ಕನ್ನಡ ಮಾಧ್ಯಮ, ಖಾಲಿ ಹುದ್ದೆ ಒಂದು.

ನೋಟ್‌ಬುಕ್ಕಿನ ರಟ್ಟಿನ ಮೇಲೆ ಟೀಚರ್ ಫೋನ್ ನಂಬರ್ ಇತ್ತು. ಮೂರನೇ ಸಲಕ್ಕೆ ಎತ್ತಿದರು.

"ಟೀಚರ್, ತಿರುಗಿ ಬರಬ್ಯಾಡ್ರಿ! ನಿಮ್ಮ ಸಾಲಿ ಐತಿ. ನಿಮ್ಮ ಕಣ್ಣ ಖರೆ, ನಂದ ತಪ್ಪ. ನಾನ ಬಿಟ್ಟಿದ್ದೆರಿ ಆ ಸಾಲು."

"ಮಗಳಿಗೆ ಇಲ್ಲಾ ಅಂತ ಈಗಷ್ಟ ಕೈಸನ್ನಿ ಮಾಡಿ ಹೇಳಿದ್ದೆರಿ" ಎಂದರು. "ಕೆಟ್ಟದು ಮಾಡಿದಿರಿ ಅಣ್ಣಾರ." ನಾನು ಹೊಸ ಫೈಲನ್ನು ಮತ್ತೊಮ್ಮೆ ತೆರೆದೆ. "ಫೈಲ್ ಫೋನಿಗೆ ಕಳಸ್ತೇನ್ರಿ, ಈ ಸಲ ನೀವೂ ಎಣಿಸಿ ನೋಡ್ರಿ" ಎಂದೆ.

ಸೋಮವಾರ ಅಂಗಡಿಯಲ್ಲಿ ಕೂತಿದ್ದೆನೇ ಹೊರತು ಕೆಲಸ ಕೈ ಹತ್ತಲಿಲ್ಲ. ಅವರಿಗಿಂತ ಮುಂದಿನ ನಂಬರಿನವರು ಯಾರಾದರೂ ಅದನ್ನೇ ಹಿಡಿದುಬಿಟ್ಟರೆ? ಒಬ್ಬರಿಗೆ ಕೊಡಬೇಕಾದ ಉತಾರವನ್ನು ಇನ್ನೊಬ್ಬರ ಕೈಗೆ ಕೊಟ್ಟು ಬೈಸಿಕೊಂಡೆ. ಊಟದ ಹೊತ್ತು ದಾಟಿದ ಮೇಲೆ ಫೋನು ಬಂತು. ಒಂದೇ ಮಾತು. "ಸಿಕ್ತ್ರಿ."

ಅದಾದ ಮೇಲೆ ಅವರಿಗೆ ಹಾರೂಗೇರಿಯಲ್ಲಿ ಬಸ್ಸು ಬದಲಿಸುವ ಕೆಲಸವೇ ಉಳಿಯಲಿಲ್ಲ, ನೋಟ್‌ಬುಕ್ ನನ್ನ ಡ್ರಾದಲ್ಲೇ ಇತ್ತು. ದೀಪಾವಳಿ ರಜೆಯಲ್ಲಿ ಮಗಳನ್ನು ಕರೆದುಕೊಂಡು ಬಂದರು. ಎರಡು ಜಡೆಯ ಹುಡುಗಿ, ಕಣ್ಣಲ್ಲೇ ಎಲ್ಲವನ್ನೂ ಕೇಳುವಂಥದ್ದು. ಕೀಬೋರ್ಡಿನ ಹಿಂದೆ ಏನಿದೆ ಎಂದು ಎತ್ತಿ ನೋಡಿತು, ನನ್ನ ಜಾತಿಯದೇ ಅಂದುಕೊಂಡೆ. ನೋಟ್‌ಬುಕ್ ಮರಳಿ ಕೊಟ್ಟೆ. ಟೀಚರ್ ನಗುತ್ತ, "ಇಕಿನೂ ಒಂದು ಪಟ್ಟಿ ಮಾಡ್ಯಾಳ, ನಿಮಗ ತೋರಸಬೇಕಂತ" ಎಂದರು.

ಹುಡುಗಿ ಚೀಲದಿಂದ ಒಂದು ವಹಿ ತೆಗೆದು ನನ್ನ ಮುಂದೆ ಬಿಡಿಸಿತು. ಸ್ಕೇಲಿನಿಂದ ಎಳೆದ ಎರಡು ಮನೆ. ಒಂದರಲ್ಲಿ ತಾರೀಕು, ಇನ್ನೊಂದರಲ್ಲಿ ಆ ರಾತ್ರಿ ತಾನು ಮಲಗಿದ್ದು ಎಲ್ಲಿ ಎಂಬುದು. ಮೇಲಿನ ಸಾಲಿನಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ "ಅವ್ವನ ಹತ್ತಿರ" ಎಂದು ಬರೆದಿತ್ತು. ಅದರ ಕೆಳಗೆ ಎರಡು ಗೀಟು, ಅದರ ಕೆಳಗೆ ಎರಡು ಗೀಟು, ಪುಟದ ಕೊನೆಯವರೆಗೂ ಎರಡೆರಡು ಗೀಟು. ನಾನು ಬೆರಳಿಟ್ಟು ಎಣಿಸಿದೆ. ಒಂದು ಸಾಲೂ ಬಿಟ್ಟುಹೋಗಿರಲಿಲ್ಲ.